ಮೂಲೆಗೊಂದು ಕ್ಯಾರೊಸೆಲ್

ಟೇಪಕ್ಕನಿಗೆ ಸಿಟ್ಟು ಬಂದರೆ ಅದನ್ನು ತೋರಿಸಿಕೊಳ್ಳುವುದಕ್ಕೂ ಅವಳ ಕೆಲಸದ ಜಾಗದಲ್ಲಿ ಅನುಕೂಲವಿರಲಿಲ್ಲ. ಅಡುಗೆಮನೆಯ ಕಪಾಟು, ಬುಟ್ಟಿಗಳನ್ನು ಮಾರುವ ಆ ಷೋರೂಮಿನಲ್ಲಿ ಯಾವ ಡ್ರಾಯರನ್ನೂ ದಢಾರನೆ ಹಾಕಲು ಆಗದು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಬಿಟ್ಟು ತಳ್ಳಿದರೂ ಕೊನೆಯ ಎರಡಿಂಚು ಬಾಕಿ ಇರುವಾಗ ಅದು ತಾನಾಗಿ ನಿಧಾನಿಸಿ, ಏನೂ ಆಗಿಲ್ಲವೆಂಬಂತೆ ಮೆತ್ತಗೆ ಒಳಗೆ ಹೋಗಿ ಕೂರುತ್ತದೆ. ಗಿರಾಕಿಗಳು ಇದನ್ನು ನೋಡಿ 'ಆಹಾ' ಅನ್ನುತ್ತಾರೆ. ದಿನಕ್ಕೆ ಎಷ್ಟೋ ಸಲ ಆ ಆಹಾ ಕೇಳಿ ಟೇಪಕ್ಕನ ಕಿವಿ ದಡ್ಡುಗಟ್ಟಿತ್ತು, ಎಳೆದು ತಳ್ಳಿ ಬಲಗೈ ಮಣಿಕಟ್ಟು ಸದಾ ನೋಯುತ್ತಿತ್ತು.

ಅವಳು ಸೇರಿದ್ದು ಬಿಲ್ ಟೈಪು ಮಾಡುವುದಕ್ಕೆ. ಅಳತೆಗೆ ಹೋಗುತ್ತಿದ್ದವನು ಒಂದು ದಿನ ಹೇಳದೆ ಕೇಳದೆ ಕೆಲಸ ಬಿಟ್ಟಾಗ ಮಾಲೀಕ ಟೇಪನ್ನು ಇವಳ ಮೇಜಿನ ಮೇಲಿಟ್ಟು, "ಇವತ್ತೊಂದು ದಿನ ನೀನೇ ಹೋಗಿ ಬಾ" ಅಂದ. ಆ ಒಂದು ದಿನ ಇನ್ನೂ ಮುಗಿದಿಲ್ಲ. ಈಗ ತಲೆ ನರೆತಿದೆ, ಮಂಡಿ ಹಿಡಿದುಕೊಂಡೇ ನೆಲದಿಂದ ಏಳಬೇಕು. ಆದರೆ ಅವಳು ಅಳೆದ ಕಪಾಟು ಗೋಡೆಗೆ ಕೂರದೆ ಹೋದದ್ದಾಗಲಿ, ಬುಟ್ಟಿ ಬಾಗಿಲಿಗೆ ತಾಗಿದ್ದಾಗಲಿ ಇಲ್ಲ. ಜೋಡಿಸುವ ಹುಡುಗರು ಅವಳ ಕಾಗದ ನೋಡಿದರೆ ಗೋಡೆಯನ್ನು ಮತ್ತೆ ಅಳೆಯುತ್ತಿರಲಿಲ್ಲ. ಟೇಪಕ್ಕ ಅನ್ನುವ ಹೆಸರು ಕೊಟ್ಟವರೂ ಅವರೇ. ಬದುಕಿನಲ್ಲಿ ಇದು ತನ್ನದು ಅಂತ ಹೇಳಿಕೊಳ್ಳುವುದಕ್ಕೆ ಅವಳಿಗಿದ್ದದ್ದು ಅದೊಂದೇ, ಅದರ ಬಗ್ಗೆ ಒಳಗೊಳಗೇ ಸಾಕಷ್ಟು ಜಂಬವೂ ಇತ್ತು.

ಹೊರಗೆ ಅಳತೆಗೆ ಹೋಗುವ ದಿನಗಳೇ ಅವಳಿಗೆ ಕೊಂಚ ಉಸಿರು. ಅಂಥದೊಂದು ದಿನ ಅವಳು ಹೋದದ್ದು ಎರಡನೇ ಮಹಡಿಯ ಒಂದು ಮನೆಗೆ. ಅಲ್ಲಿದ್ದವರು ಅತ್ತೆ ಮತ್ತು ಸೊಸೆ. ಮಗ ಊರೂರು ತಿರುಗುವ ಕೆಲಸದಲ್ಲಿದ್ದ. ಸೊಸೆ ಬ್ಯಾಂಕಿನಲ್ಲಿದ್ದಳು, ಮಾತಿನಲ್ಲಿ ಚುರುಕು, ಮನಸ್ಸಿನಲ್ಲಿ ಒಳ್ಳೆಯವಳು. ಅಡುಗೆ ಪೂರ್ತಿ ಅತ್ತೆಯದು.

"ಅತ್ತೆಗೆ ಬಗ್ಗೋಕಾಗಲ್ಲ ಅಕ್ಕ, ಸೊಂಟ ಹಿಡ್ಕೊಳ್ಳುತ್ತೆ. ಅವರಿಗೆ ಏನು ಅನುಕೂಲವೋ ಅದನ್ನೇ ಹಾಕಿ. ಆದ್ರೆ ನಾವು ಹೇಳಿರೋ ದುಡ್ಡು ದಾಟಬಾರದು" ಅಂದಳು ಸೊಸೆ.

ಟೇಪಕ್ಕ ನೆಲದ ಮೇಲೆ ಕೂತು ತನ್ನ ಎಂದಿನ ಪಾಠ ಶುರು ಮಾಡಿದಳು. ಒಲೆಯ ಕೆಳಗೆ ಮೂರಡಿ ಅಗಲದ ಟ್ಯಾಂಡಮ್ ಬುಟ್ಟಿಗಳು, ಮೇಲೊಂದು ಚಮಚಕ್ಕೆ ತೆಳ್ಳಗಿನದು, ಕೆಳಗೆ ಪಾತ್ರೆಗೆ ಆಳದವು ಎರಡು. ತಂತಿಯ ಬುಟ್ಟಿ ಹಾಕಿದರೆ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ, ಆದರೆ ಸಣ್ಣ ಸಾಮಾನು ಸಂದಿಯಲ್ಲಿ ಜಾರುತ್ತದೆ, ಭಾರ ಬಿದ್ದರೆ ಪಕ್ಕದ ಹಳಿ ಕಿರುಗುಟ್ಟುತ್ತದೆ. ಟ್ಯಾಂಡಮ್ ಆದರೆ ಹಳಿ ತಳದಲ್ಲಿ ಅಡಗಿರುತ್ತದೆ, ಒಳಕ್ಕೆ ಇಪ್ಪತ್ತಿಂಚು ಹೋಗುವ ಬುಟ್ಟಿ ಪೂರ್ತಿ ಹೊರಗೆ ಬರುತ್ತದೆ, ಹಿಂದಿನ ಪಾತ್ರೆಗೆ ಬಗ್ಗಿ ಕೈ ಚಾಚಬೇಕಿಲ್ಲ. ಮೂರಡಿಯದನ್ನು ಒಡೆದು ಒಂದೂವರೆ ಅಡಿಯ ಎರಡೆರಡು ಮಾಡಿದರೆ? ಬೇಡ, ಪ್ರತಿ ಬುಟ್ಟಿಗೂ ಒಂದು ಜೊತೆ ಹಳಿ ಬೇಕು, ಖರ್ಚು ಹೆಚ್ಚು, ಜಾಗ ಕಡಿಮೆ. ಅಗಲದ್ದಕ್ಕೆ ಭಾರ ಹೊರುವ ಹಳಿ ಹಾಕಿದರೆ ಸಾಕು.

"ಸರಿ, ಹಾಗೇ ಮಾಡಮ್ಮ" ಅಂದರು ಅತ್ತೆ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಮಾತಾಡುವಾಗ ಟೇಪಕ್ಕನ ಮುಖ ನೋಡದೆ ಅವಳ ಕಿವಿಯ ಪಕ್ಕಕ್ಕೆಲ್ಲೋ ನೋಡುತ್ತಿದ್ದರು. ನಾಚಿಕೆ ಸ್ವಭಾವ ಇರಬೇಕು ಅಂದುಕೊಂಡಳು ಟೇಪಕ್ಕ.

ಒಲೆಯ ಪಕ್ಕಕ್ಕೆ ಬಾಟಲಿಗಳ ಎಳೆಗೂಡು, ಎಣ್ಣೆ, ತುಪ್ಪ, ಪುಡಿಗಳಿಗೆ. "ಎಂಟಿಂಚಿಂದು ಬೇಡಮ್ಮ, ಹನ್ನೆರಡಿಂಚಿಂದು ತಗೊಳ್ಳಿ. ಎಂಟಿಂಚಲ್ಲಿ ಎರಡೂ ಕಡೆ ಹಲಗೆ ದಪ್ಪ ಕಳೆದ್ರೆ ಒಳಗೆ ಸಿಗೋದು ಆರೂವರೆ, ಒಂದೇ ಸಾಲು ನಿಲ್ಲುತ್ತೆ. ಹನ್ನೆರಡಲ್ಲಿ ಎರಡು ಸಾಲು. ಹಳಿ, ಬಾಗಿಲು ಎಲ್ಲ ಅದೇ, ದುಡ್ಡಲ್ಲಿ ಅಂಥಾ ವ್ಯತ್ಯಾಸ ಇಲ್ಲ."

"ಒಂದೇ ಸಾಲು ಸಾಕು" ಅಂದರು ಅತ್ತೆ ಥಟ್ಟನೆ.

"ಸ್ವಲ್ಪ ದುಡ್ಡಿಗೆ ಎರಡರಷ್ಟು ಸಾಮಾನು ಹಿಡಿಯುತ್ತೆ ಅಮ್ಮ."

"ನಂಗೆ ಒಂದೇ ಸಾಲು ಸಾಕಮ್ಮ."

ಹಟ ಅಂದರೆ ಹಟ. ಟೇಪಕ್ಕ ಎಂಟಿಂಚು ಎಂದು ಬರೆದುಕೊಂಡಳು. ಗಿರಾಕಿಗಳ ಹಟಕ್ಕೆಲ್ಲ ಕಾರಣ ಹುಡುಕುತ್ತ ಕೂತರೆ ಸಂಜೆಯ ಬಸ್ಸು ತಪ್ಪುತ್ತದೆ.

ಉಳಿದದ್ದು ಮೂಲೆ. ಎರಡು ಕಟ್ಟೆ ಸೇರುವ ಕಡೆ ಎರಡೂ ಗೋಡೆಯುದ್ದಕ್ಕೆ ಮೂರು ಮೂರಡಿಯ ಕತ್ತಲು. "ಮೂಲೆ ಸಾಯಬಾರದು" ಅನ್ನುವುದು ಷೋರೂಮಿನ ಮಾಲೀಕನ ಮಂತ್ರ. ಅಲ್ಲಿಗೊಂದು ಸಾಮಾನು ಮಾರದೆ ಬಂದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತಿತ್ತು. ಮೂಲೆಯಿಂದ ಇಡೀ ಬುಟ್ಟಿಗಳೇ ಹೊರಗೆ ಸರಿದುಬರುವ ಸಾಧನ ಬಲು ಚೆನ್ನ, ಬೆಲೆ ಮಾತ್ರ ಮೂರು ಪಟ್ಟು. ಬರೀ ಹಲಗೆ ಹಾಕಿದರೆ ಅಗ್ಗ, ಆದರೆ ಒಳಗಿನ ಡಬ್ಬಿಗೆ ಮಂಡಿಯೂರಿ ತಲೆ ತೂರಿಸಬೇಕು. ನಡುವಿನ ದಾರಿ ಕ್ಯಾರೊಸೆಲ್. ಮೂಲೆಗೆ ಓರೆ ಬಾಗಿಲು, ಒಳಗೆ ನಡುಗಂಬ, ಅದರ ಮೇಲೆ ಮೂವತ್ತೆರಡಿಂಚಿನ ಎರಡು ದುಂಡು ತಟ್ಟೆ. ತಟ್ಟೆ ದುಂಡಗಿರುವುದರಿಂದ ಮೂಲೆಗಳಲ್ಲಿ ಜಾಗ ಒಂದಿಷ್ಟು ಹಾಳು, ನಿಜ. ಆದರೆ ಬೆರಳಲ್ಲಿ ತಳ್ಳಿದರೆ ಸಾಕು, ಬೇಕಾದದ್ದು ಮುಂದೆ ಬಂದು ನಿಲ್ಲುತ್ತದೆ.

"ಇದೇ ಹಾಕಿ, ಅತ್ತೆ ಬಗ್ಗೋದೇ ಬೇಡ!" ಸೊಸೆಯ ಮುಖ ಅರಳಿತು.

"ಅದು ತಿರುಗ್ತಾನೇ ಇರುತ್ತಾ?" ಅಂತ ಕೇಳಿದರು ಅತ್ತೆ.

"ಹೂಂ ಅಮ್ಮ, ಎತ್ತ ಬೇಕಾದ್ರೂ. ಮೇಲಿನದು ಬೇರೆ, ಕೆಳಗಿನದು ಬೇರೆ."

"ಮೂಲೆ ಹಾಗೇ ಬಿಟ್ರೂ ಆಗುತ್ತಪ್ಪ..." ಎಂದು ಏನೋ ಹೇಳಹೊರಟು, ಸೊಸೆಯ ಸಂಭ್ರಮದ ದನಿ ಕೇಳಿ ಸುಮ್ಮನಾದರು. ಟೇಪಕ್ಕನೂ ಸುಮ್ಮನಾದಳು. ಸುಮ್ಮನಿದ್ದ ಗಿರಾಕಿ ಎಂದರೆ ಒಪ್ಪಿದ ಗಿರಾಕಿ ಎಂಬುದು ಅವಳ ಕಸುಬಿನ ಲೆಕ್ಕ.

ಎಲ್ಲ ಜೋಡಣೆಯಾಗಿ ಕೆಲವು ವಾರಗಳಾದ ಮೇಲೆ ಸೊಸೆಯ ಫೋನು ಬಂತು. ದನಿ ಕಾದಿತ್ತು. "ನಿಮ್ಮ ಕ್ಯಾರೊಸೆಲ್ ಸರಿ ಇಲ್ಲ ಅನ್ಸುತ್ತೆ. ಅತ್ತೆ ಅದರಲ್ಲಿ ಒಂದು ಡಬ್ಬಿನೂ ಇಡಲ್ಲ. ಕೇಳಿದ್ರೆ ಚೆನ್ನಾಗಿಲ್ಲ ಅಂತಾರೆ, ಏನು ಚೆನ್ನಾಗಿಲ್ಲ ಅಂದ್ರೆ ಬಾಯೇ ಬಿಡಲ್ಲ. ಅಷ್ಟು ದುಡ್ಡು ಸುರಿದು ಡಬ್ಬಿಗಳೆಲ್ಲ ಕಟ್ಟೆ ಮೇಲೆ. ನೀವೇ ಬಂದು ನೋಡಿ!"

ಟೇಪಕ್ಕ ಮಾರನೆಯ ಬೆಳಗ್ಗೆ ಹೋದಳು. ಮಂಡಿನೋವಿಗೆ ಆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಸಾಕುಬೇಕಾಯಿತು. ಸೊಸೆ ಸ್ನಾನಕ್ಕೆ ಹೋಗಿದ್ದಳು. ಬಾಗಿಲು ತೆಗೆದ ಅತ್ತೆ, "ಬಾಮ್ಮ" ಅಂದು ಒಳಗೆ ಹೋಗಿ ಮತ್ತೆ ಒಲೆಯ ಮುಂದೆ ನಿಂತರು.

ಟೇಪಕ್ಕ ಓರೆ ಬಾಗಿಲು ತೆಗೆದು ತಟ್ಟೆ ತಿರುಗಿಸಿದಳು. ನೀರಿನ ಹಾಗೆ ತಿರುಗಿತು. ಎಲ್ಲೂ ತಾಗಲಿಲ್ಲ, ಸದ್ದಿಲ್ಲ, ಸುತ್ತಲೂ ಒಂದಿಂಚಿನ ಮೇಲೆ ಸಂದು. ಅವಳ ಅಳತೆ ಅವಳ ಅಳತೆಯೇ. ಮತ್ತೇನು ರೋಗ ಇವರಿಗೆ ಎಂದು ಬೇಸರದಿಂದ ಎದ್ದು ನಿಂತವಳು ಅತ್ತೆಯ ಕೈ ನೋಡಿದಳು.

ಅತ್ತೆ ಬಾಟಲಿಗಳ ಗೂಡನ್ನು ಎಳೆದರು. ಬಗ್ಗಿ ನೋಡಲಿಲ್ಲ. ಬೆರಳುಗಳು ಮುಚ್ಚಳದಿಂದ ಮುಚ್ಚಳಕ್ಕೆ ಹೋದವು. ಒಂದು, ಎರಡು, ಮೂರು. ಮೂರನೆಯದನ್ನು ಎತ್ತಿ ಚಮಚಕ್ಕೆ ಬಗ್ಗಿಸಿ, ಚಮಚದ ಅಂಚಿಗೆ ಇನ್ನೊಂದು ಕೈಯ ಬೆರಳು ಮುಟ್ಟಿಸಿ, ಎಣ್ಣೆ ಬೆರಳಿಗೆ ತಾಗಿದೊಡನೆ ನಿಲ್ಲಿಸಿದರು. ಬಾಟಲಿ ಮತ್ತೆ ಮೂರನೆಯ ಜಾಗಕ್ಕೇ ಹೋಯಿತು. ಕಟ್ಟೆಯ ಮೇಲಿನ ಡಬ್ಬಿಗಳೂ ಹಾಗೆಯೇ, ಗೋಡೆಗೆ ಒತ್ತಿ ಒಂದೇ ಸಾಲು. ಎಡಗೈ ಅಂಚಿನಿಂದ ಶುರುಮಾಡಿ ಸಾಲಿನಗುಂಟ ಹೋಗುತ್ತಿತ್ತು.

ಒಂದೇ ಸಾಲು ಸಾಕು ಅಂದದ್ದು, ಕಿವಿಯ ಪಕ್ಕಕ್ಕೆ ನೋಡಿದ್ದು, ತಿರುಗ್ತಾನೇ ಇರುತ್ತಾ ಎಂದು ಕೇಳಿದ್ದು, ಎಲ್ಲವೂ ಟೇಪಕ್ಕನಿಗೆ ಒಟ್ಟಿಗೆ ಅರ್ಥವಾಯಿತು. ಜಾಗ ನೆನಪಿಟ್ಟುಕೊಂಡು ಅಡುಗೆ ಮಾಡುವವರಿಗೆ ಅವಳು ಜಾಗವೇ ನಿಲ್ಲದ ತಟ್ಟೆ ಮಾರಿದ್ದಳು. ಇವತ್ತು ಬಾಗಿಲ ಹತ್ತಿರವಿದ್ದ ಡಬ್ಬಿ ನಾಳೆ ಗೋಡೆಯ ಹತ್ತಿರ. ಮೇಲಿನ ತಟ್ಟೆ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ.

"ಅಮ್ಮಾ, ನಿಮಗೆ ಕಣ್ಣು..." ಎಂದಳು ಮೆಲ್ಲಗೆ.

ಅತ್ತೆಯ ಕೈ ನಿಂತಿತು. ಬಚ್ಚಲ ಕಡೆ ಕಿವಿಗೊಟ್ಟು, ನೀರಿನ ಸದ್ದು ಇನ್ನೂ ಕೇಳುತ್ತಿದೆ ಎಂದು ಖಾತ್ರಿ ಮಾಡಿಕೊಂಡರು. "ನಡು ಕಾಣಲ್ಲ ಕಣಮ್ಮ. ಅಂಚು ಕಾಣುತ್ತೆ. ನೇರ ನೋಡಿದ್ರೆ ನಿನ್ನ ಕಿವಿ ಕಾಣುತ್ತೆ, ಮೂಗು ಕಾಣಲ್ಲ. ತರಕಾರಿಗೆ ಅಂತ ಹೇಳಿ ನಾನೇ ಡಾಕ್ಟ್ರ ಹತ್ರ ಹೋಗ್ಬಂದೆ. ಹೋದದ್ದು ಬರಲ್ಲವಂತೆ."

"ಮನೇಲಿ ಹೇಳಿಲ್ವಾ?"

"ಹೇಳಿದ್ರೆ ಒಲೆ ಹತ್ರ ಬಿಡ್ತಾರಾ? ಒಳ್ಳೇ ಹುಡುಗಿ ಅವಳು. ಒಳ್ಳೆಯವಳಾಗಿರೋದಕ್ಕೇ ಬಿಡಲ್ಲ. ಅಡುಗೆಯವಳನ್ನ ಇಟ್ಟು, ಅತ್ತೆ ನೀವು ಕೂತ್ಕೊಳ್ಳಿ ಅಂತಾಳೆ. ಆಮೇಲೆ ನಾನು ಈ ಮನೇಲಿ ಏನಮ್ಮ? ಸೋಫಾದ ಮೇಲಿನ ದಿಂಬು."

ಟೇಪಕ್ಕ ಇರುವುದು ತಮ್ಮನ ಮನೆಯಲ್ಲಿ. ತಮ್ಮನ ಹೆಂಡತಿಯೂ ಒಳ್ಳೆಯವಳೇ. ಟೇಪಕ್ಕ ಸಂಜೆ ದಣಿದು ಬಂದು ಅಡುಗೆಮನೆಯ ಹೊಸಿಲಿಗೆ ಕಾಲಿಟ್ಟರೆ ಸಾಕು, "ಅಕ್ಕ, ನೀವು ಕೂತ್ಕೊಳ್ಳಿ, ತಟ್ಟೆ ತರ್ತೀನಿ" ಅನ್ನುತ್ತಾಳೆ. ದನಿಯಲ್ಲಿ ಕೊಂಕಿಲ್ಲ, ತಟ್ಟೆಯಲ್ಲಿ ಕೊರತೆಯಿಲ್ಲ. ಊರಿನವರ ಅಡುಗೆಮನೆಗಳನ್ನೆಲ್ಲ ಅಳೆದವಳಿಗೆ ತಾನಿರುವ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಿರಲಿಲ್ಲ. ಅದನ್ನು ನೆನೆದಾಗ ಅವಳಿಗೆ ಅಳು ಬರುತ್ತಿರಲಿಲ್ಲ, ಸುಸ್ತಾಗುತ್ತಿತ್ತು.

ಪರಿಹಾರ ಅವಳಿಗೆ ಗೊತ್ತಿತ್ತು. ಕ್ಯಾರೊಸೆಲ್‌ನಲ್ಲೇ ಇನ್ನೊಂದು ಜಾತಿ ಇದೆ. ಅದರಲ್ಲಿ ಎರಡೂ ತಟ್ಟೆ ಕಂಬಕ್ಕೇ ಬಿಗಿದಿರುತ್ತವೆ, ಒಟ್ಟಿಗೇ ತಿರುಗುತ್ತವೆ. ಕಂಬದ ಬುಡದಲ್ಲಿ ಕಚ್ಚು ಇರುತ್ತದೆ. ಒಂದು ಸುತ್ತು ಬಂದಾಗ ಕಟಕ್ಕೆಂದು ಅದೇ ಜಾಗದಲ್ಲಿ ಹಿಡಿದು ನಿಲ್ಲುತ್ತದೆ. ಅಲ್ಲಿಂದ ಎಡಕ್ಕೆ ಎರಡನೆಯದು ಯಾವತ್ತೂ ಎಡಕ್ಕೆ ಎರಡನೆಯದೇ. ಬೆಲೆ ಹೆಚ್ಚು, ಅಂಗಡಿಗೆ ಬರುವುದು ಇಪ್ಪತ್ತೆಂಟಿಂಚಿನದೇ ಆದ್ದರಿಂದ ಜಾಗವೂ ಕಡಿಮೆ. ಹೆಚ್ಚು ಕೊಟ್ಟು ಕಡಿಮೆ ತಗೊಳ್ಳುವ ಪೆದ್ದರು ಯಾರು ಎಂದು ಅವಳು ಅದನ್ನು ಯಾರಿಗೂ ತೋರಿಸುತ್ತಲೇ ಇರಲಿಲ್ಲ.

ಆದರೆ ಸೊಸೆಗೆ ಏನೆಂದು ಹೇಳುವುದು? ನೀರಿನಂತೆ ತಿರುಗುವ ಹೊಸ ತಟ್ಟೆಯನ್ನು ಕಿತ್ತು, ಮೇಲೆ ದುಡ್ಡು ಹಾಕಿ, ಚಿಕ್ಕದನ್ನು ಯಾಕೆ ಹಾಕಿಸಬೇಕು ಎಂದು ಅವಳು ಕೇಳದೆ ಬಿಡುವವಳಲ್ಲ.

ಸೊಸೆ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಳು. "ನೋಡಿದ್ರಾ ಅಕ್ಕ? ಏನಾಗಿದೆ ಅದಕ್ಕೆ? ಏನೂ ಆಗಿಲ್ಲ ತಾನೆ? ನಂಗೊತ್ತು. ಅತ್ತೆಗೆ ನಾನು ತಂದದ್ದು ಹಿಡಿಸಲ್ಲ, ಅಷ್ಟೇ." ಕೊನೆಯ ಮಾತನ್ನು ಅವಳು ಅತ್ತೆಯ ಕಡೆ ನೋಡದೆ ಹೇಳಿದಳು. ಅದು ಸಿಟ್ಟಲ್ಲ, ನೋವು ಎಂದು ಟೇಪಕ್ಕನಿಗೆ ತಿಳಿಯಿತು.

ಅತ್ತೆ ಒಲೆಯ ಕಡೆ ತಿರುಗಿ ನಿಂತಿದ್ದರು.

"ಇಲ್ಲ ಮೇಡಂ" ಅಂದಳು ಟೇಪಕ್ಕ. "ತಪ್ಪು ನಂದು. ನನ್ನ ಅಳತೆ ತಪ್ಪಾಗಿದೆ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೇ ವಿಚಿತ್ರವೆನಿಸಿತು. ಬೇರೆ ಯಾರದೋ ಹೆಸರಿಗೆ ಸಹಿ ಹಾಕಿದಂತಿತ್ತು.

"ಮೂವತ್ತೆರಡು ಈ ಮೂಲೆಗೆ ದೊಡ್ಡದಾಯ್ತು. ಡಬ್ಬಿ ತುಂಬಿದ್ರೆ ಅಂಚಿಗೆ ಸರಿದು ಗೋಡೆಗೆ ಬಡಿಯುತ್ತೆ. ಇಪ್ಪತ್ತೆಂಟಿಂಚಿಂದು ಹಾಕ್ಬೇಕಿತ್ತು. ಬದಲಾಯಿಸಿ ಕೊಡ್ತೀವಿ, ನೀವೇನೂ ಕೊಡೋದು ಬೇಡ."

"ಅಳತೆ ತಪ್ಪಾ? ನಿಮ್ಮ ಮಾಲೀಕರು ಈ ಅಕ್ಕನ ಅಳತೆ ತಪ್ಪೋದೇ ಇಲ್ಲ ಅಂದಿದ್ರು! ಇಷ್ಟು ದಿನ ನಾನು ಅತ್ತೆ ಮೇಲೆ ರೇಗಾಡ್ದೆ!" ಸೊಸೆ ಅಲ್ಲೇ ಮಾಲೀಕನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಅವನು ಗಿರಾಕಿಗೆ ಬೆಣ್ಣೆಯಂತೆ ಕ್ಷಮೆ ಕೇಳಿ, "ಅವಳಿಗೆ ಕೊಡಿ" ಎಂದು, ಟೇಪಕ್ಕ ಹಲೋ ಅಂದದ್ದೇ ತಡ ದನಿ ಬದಲಿಸಿದ.

"ಏನಮ್ಮಾ ಇದು? ವಯಸ್ಸಾಯ್ತಾ? ಟೇಪಿನ ಗೀಟು ಕಾಣಲ್ವಾ? ಬದಲಾಯಿಸೋ ಖರ್ಚು ನಿನ್ನ ಸಂಬಳದಿಂದ ಹಿಡೀತೀನಿ. ಇನ್ಮೇಲೆ ಅಳತೆಗೆ ನೀನು ಹೋಗ್ಬೇಡ. ಟೇಪು ತಂದು ಕೌಂಟರಲ್ಲಿಡು. ಒಳಗೆ ಕೂತು ಡ್ರಾಯರ್ ತೋರಿಸು, ಅಷ್ಟು ಸಾಕು."

"ಆಯ್ತು ಸಾರ್" ಅಂದಳು ಟೇಪಕ್ಕ.

ಇಷ್ಟು ಬೇಗ ಇಷ್ಟೂ ಹೋಗುತ್ತದೆ ಎಂದು ಅವಳು ಎಣಿಸಿರಲಿಲ್ಲ. ಒಂದು ಬೈಗುಳ, ಒಂದಿಷ್ಟು ದುಡ್ಡು ಅಂದುಕೊಂಡಿದ್ದಳು. ಸೊಸೆಗೂ ಕಸಿವಿಸಿಯಾಗಿ, "ಅಯ್ಯೋ, ಅಷ್ಟೊಂದು ಅನ್ಬೇಡಿ ಸಾರ್" ಎಂದು ಫೋನು ಆರಿಸಿದಳು. ಟೇಪಕ್ಕ ಬ್ಯಾಗು ಹೆಗಲಿಗೇರಿಸಿ, "ಹುಡುಗರನ್ನ ಕಳಿಸ್ತೀನಿ ಮೇಡಂ" ಎಂದು ಬಾಗಿಲ ಕಡೆ ಹೊರಟಳು.

"ನಿಲ್ಲಮ್ಮ" ಅಂದರು ಅತ್ತೆ.

ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಇತ್ತ ತಿರುಗಿದರು.

"ಇವಳ ಅಳತೆ ಸರಿಯಾಗೇ ಇದೆ. ನನ್ನ ಕಣ್ಣೇ ಸರಿ ಇಲ್ಲ."

ಸೊಸೆಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಟವೆಲ್ ಬಿಚ್ಚಿ ನೆಲಕ್ಕೆ ಬಿದ್ದದ್ದೂ ಅವಳಿಗೆ ತಿಳಿಯಲಿಲ್ಲ. "ಯಾವಾಗಿಂದ?"

"ಬಹಳ ದಿನ ಆಯ್ತು."

"ಒಬ್ರೇ ಒಲೆ ಹಚ್ಚಿ, ಕುದಿಯೋ ಎಣ್ಣೆ ಮುಂದೆ... ಏನಾದ್ರೂ ಆಗಿದ್ರೆ? ನಾನು ಬ್ಯಾಂಕಲ್ಲಿ ಕೂತಿರ್ತಿದ್ದೆ ಅತ್ತೆ! ನನಗ್ಯಾಕೆ ಹೇಳಲಿಲ್ಲ? ನಾನೇನು ಪರಕೀಯಳಾ?" ಅವಳು ಕೂಗುತ್ತಲೇ ಅಳುತ್ತಿದ್ದಳು. "ಇನ್ನು ನೀವು ಒಲೆ ಹತ್ರ..."

ಅಷ್ಟಕ್ಕೇ ನಿಂತಳು. ಅತ್ತೆ, ಪೆಟ್ಟು ಬೀಳಲಿದೆ ಎಂದು ಗೊತ್ತಿದ್ದವರ ಹಾಗೆ ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಸೊಸೆ ಆ ಕೈಗಳನ್ನು ನೋಡಿದಳು. ಗೋಡೆಗೆ ಒತ್ತಿ ಸಾಲಾಗಿದ್ದ ಡಬ್ಬಿಗಳನ್ನು ನೋಡಿದಳು. ದಿನಾ ಬೆಳಗ್ಗೆ ಕಟ್ಟೆ ಚೊಕ್ಕವಾಗಿರಲಿ ಎಂದು ತಾನೇ ಅವನ್ನು ಆ ಕಡೆ ಈ ಕಡೆ ಸರಿಸಿಟ್ಟು ಹೋಗುತ್ತಿದ್ದದ್ದು, ಸಂಜೆ ಬಂದಾಗ ಅವು ಮತ್ತೆ ಹೀಗೇ ಸಾಲಾಗಿ ಇರುತ್ತಿದ್ದದ್ದು, ಅದಕ್ಕೆ ತಾನು ಗೊಣಗಿದ್ದು ಅವಳ ಮುಖದ ಮೇಲೆ ಒಂದೊಂದಾಗಿ ಬಂದು ಹೋದವು.

ಟೇಪಕ್ಕನಿಗೆ ಅಲ್ಲಿ ನಿಲ್ಲುವುದೋ ಹೋಗುವುದೋ ತಿಳಿಯಲಿಲ್ಲ. ಕೊನೆಗೆ ತನಗೆ ಬರುವ ಒಂದೇ ಮಾತು ಆಡಿದಳು. "ಮೇಡಂ, ಒಂದೇ ಜಾಗಕ್ಕೆ ಬಂದು ನಿಲ್ಲೋ ತಟ್ಟೆ ಇದೆ. ಜಾಗ ಕಡಿಮೆ, ದುಡ್ಡು ಜಾಸ್ತಿ."

"ಅದೇ ಹಾಕಿ. ದುಡ್ಡು ನಾನು ಕೊಡ್ತೀನಿ, ಅಳತೆ ಸರಿ ಇತ್ತು ಅಂತ ನಿಮ್ಮ ಮಾಲೀಕರಿಗೂ ನಾನೇ ಹೇಳ್ತೀನಿ" ಅಂದಳು ಸೊಸೆ ಮೂಗು ಒರೆಸಿಕೊಳ್ಳುತ್ತ. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಒಲೆ ಹಚ್ಚೋದು ನಾನು ಮನೇಲಿರುವಾಗ ಮಾತ್ರ. ಅದೊಂದು ನನ್ನ ಮಾತು ನಡೀಬೇಕು. ಉಳಿದದ್ದೆಲ್ಲ ನಿಮ್ಮದು."

ಅತ್ತೆ ತಲೆಯಾಡಿಸಿದರು.

"ಮತ್ತೆ ಇದನ್ನ ನಂಗೆ ಹೇಳಿಕೊಡಿ" ಎಂದು ಸೊಸೆ ಕಟ್ಟೆಯ ಹತ್ತಿರ ಬಂದು ನಿಂತಳು. "ಮೊದಲನೇದು ಯಾವುದು, ಎರಡನೇದು ಯಾವುದು. ನಾನೂ ಮುಟ್ಟಿದ್ರೆ ಅಲ್ಲೇ ಇಡ್ತೀನಿ."

ಅತ್ತೆಯ ಎಡಗೈ ಸಾಲಿನ ಅಂಚು ಹುಡುಕಿ ಮೊದಲ ಡಬ್ಬಿಯ ಮೇಲೆ ಕೂತಿತು. ಅದನ್ನೆತ್ತಿ ಸೊಸೆಯ ಕೈಗೆ ಕೊಟ್ಟರು.

"ಉಪ್ಪು" ಅಂದರು.